ಹೊಸಪೇಟೆಯಲ್ಲಿ ಇಳಿದವನು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೀಪಗಳು ಕಿಟಕಿಯಾಚೆ ಮುಗಿಯುತ್ತಲೇ ಇರಲಿಲ್ಲ. ಡ್ಯಾನಿಯಲ್ ಮೇಲಿನ ಬರ್ತಿನಿಂದ ಇಳಿದು ಬಂದು ಕೂತ. "ಇದೇ ನಿಮ್ಮೂರಾ?" ಅಂದ. "ಇನ್ನೂ ಇದೆ" ಅಂದ ಮಂಜುನಾಥ. ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದಾಗಿನಿಂದ ಇಬ್ಬರೂ ಹೆಚ್ಚು ಮಾತಾಡಿರಲಿಲ್ಲ. ಎದುರಿನ ಸೀಟಿನ ಸಿಂಧನೂರಿನ ಅಕ್ಕಿ ವ್ಯಾಪಾರಿ ಮಾತ್ರ ಮಲಗುವ ತನಕ ಡ್ಯಾನಿಯಲ್ಲನ್ನು ಬಿಡಲಿಲ್ಲ. ನಿಮ್ಮ ಕಡೆ ಭತ್ತ ಬೆಳೀತಾರೇನು, ಬಸ್ ಡ್ರೈವರ್‌ಗೆ ಪಗಾರ ಎಷ್ಟು, ಮದುವೆ ಆಗೇತೋ ಇಲ್ಲೋ. ಕಡೆಯದಕ್ಕೆ "ಆಗೇತಿ" ಅಂತ ಮಂಜುನಾಥನೇ ಉತ್ತರ ಕೊಟ್ಟ. ಸುಳ್ಳೇನಲ್ಲ. ಅಕ್ಟೋಬರಿನಲ್ಲಿ ಕಾರ್ಕ್ ಊರಿನ ನೋಂದಣಿ ಕಚೇರಿಯಲ್ಲಿ, ಇಬ್ಬರು ನರ್ಸುಗಳ ಸಾಕ್ಷಿಯಲ್ಲಿ ಆಗಿತ್ತು. ಐರ್ಲೆಂಡಿನ ಜನ 2015ರಲ್ಲಿ ವೋಟು ಹಾಕಿ ಒಪ್ಪಿಕೊಂಡ ಮದುವೆ ಅದು. ಇಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಇಬ್ಬರು ಗಂಡಸರು ಕೂಡಿರುವುದು ಅಪರಾಧವಲ್ಲ ಅಂದಿತು, 2023ರಲ್ಲಿ ಮದುವೆಯ ಮಾತು ಬಂದಾಗ ನಮ್ಮ ಕೈಯಲ್ಲಿಲ್ಲ ಅಂದಿತು. ಹಾಗಾಗಿ ಕಾಗದದ ಮೇಲೆ ಡ್ಯಾನಿಯಲ್ ಬರೀ ಹಂಪಿ ನೋಡಲು ಬಂದ ಪ್ರವಾಸಿ.

ಹೊಸಪೇಟೆ ಬಂತು. ಗಾಡಿ ನಿಂತಿದ್ದಷ್ಟು ಹೊತ್ತೂ ಡ್ಯಾನಿಯಲ್ ಬ್ಯಾಗಿನ ಜಿಪ್ಪು ಎಳೆಯುತ್ತ, ಬಿಡುತ್ತ ಪ್ಲಾಟ್‌ಫಾರ್ಮಿನಲ್ಲಿ ನಿಂತ. "ನಾಳೆ?" ಅಂದ. "ನಾಳೆ ಇಲ್ಲಾ ನಾಡಿದ್ದು" ಅಂದ ಮಂಜುನಾಥ. ಕೈ ಕುಲುಕಿದರು. ಗಂಡ ಹೆಂಡತಿ ಆಗಿದ್ದರೂ ನಮ್ಮ ಸ್ಟೇಷನ್ನುಗಳಲ್ಲಿ ಅಷ್ಟೇ ತಾನೆ.

ಮುಂದೆ ತುಂಗಭದ್ರೆಯ ಸೇತುವೆ, ದೂರಕ್ಕೆ ಡ್ಯಾಮು, ಆಮೇಲೆ ಮುನಿರಾಬಾದ್.

ಬನದ ಹುಣ್ಣಿಮೆಯ ದಿನ. ಸ್ಟೇಷನ್ನಿನಿಂದ ಹುಲಿಗಿಯ ಗುಡಿಯ ತನಕ ಜನವೋ ಜನ. ತಲೆಯ ಮೇಲೆ ಅವ್ವನ ಮೂರ್ತಿ ಹೊತ್ತು, ಹಸಿರು ಸೀರೆ ಉಟ್ಟ ಜೋಗಪ್ಪನೊಬ್ಬರು ಅವನ ಹಣೆಗೆ ಭಂಡಾರ ಹಚ್ಚಿದರು. "ಎಷ್ಟ್ ದಿನದ ಮ್ಯಾಲ ಬಂದಿ ಮಗನ?" ಅಂದರು. "ಏಳು ವರ್ಷ." "ಹೋಗು, ಅವ್ವ ಹಾದಿ ಕಾಯಾಕತ್ತಾಳ." ಯಾವ ಅವ್ವನೋ ಅವನು ಕೇಳಲಿಲ್ಲ. ನೂರು ರೂಪಾಯಿ ಕೊಟ್ಟು ಆಟೋ ಹತ್ತಿದ. ಸಣ್ಣವನಿದ್ದಾಗ ಅಕ್ಕನ ಲಂಗ ಉಟ್ಟು ಅಂಗಳದಲ್ಲಿ ಕುಣಿದದ್ದನ್ನು ನೋಡಿ ಚಿಗವ್ವ, "ಈ ಹುಡುಗಗ ಮುತ್ತು ಕಟ್ಟಸೋ ಕಾಲ ಬರತೈತಿ ನೋಡವಾ" ಅಂದು ನಕ್ಕಿದ್ದಳು. ಅವತ್ತಿನಿಂದ ಅವ್ವ ಅವನನ್ನು ಹುಣ್ಣಿಮೆಗೆ ಗುಡಿಗೆ ಕರೆದೊಯ್ಯುವುದನ್ನೇ ಬಿಟ್ಟಳು. ಗುಡಿ ಇರುವ ಊರಿನಲ್ಲೇ ಬೆಳೆದು ಅವನು ತೇರು ನೋಡಿದ್ದು ಮಾಳಿಗೆಯ ಮೇಲಿಂದ.

ಮನೆಯ ಪಡಸಾಲೆಯಲ್ಲಿ ರೊಟ್ಟಿಯ ರಾಶಿ. ಕೊಪ್ಪಳದ ಗವಿಮಠದ ಜಾತ್ರೆ ಎರಡೇ ದಿನ ಉಳಿದಿತ್ತು. ಓಣಿಯ ಹೆಂಗಸರೆಲ್ಲ ದಾಸೋಹಕ್ಕೆ ಕಳಿಸುವ ರೊಟ್ಟಿ ಬಡಿಯುತ್ತಿದ್ದರು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಅವನ ಗಲ್ಲ ಹಿಡಿದಳು, ಗಲ್ಲವೆಲ್ಲ ಬೆಳ್ಳಗಾಯಿತು. "ಬಡವಾಗಿ" ಅಂದಳು. ಅವನು ಹನ್ನೊಂದು ಕಿಲೋ ದಪ್ಪಗಾಗಿದ್ದ. ಕಾರಟಗಿಯಿಂದ ಬಂದಿದ್ದ ಶಾಂತಕ್ಕ ಒಗ್ಗರಣೆ ಮಂಡಕ್ಕಿಯ ತಾಟು ಕೈಗಿಟ್ಟು, ಮೇಲೆರಡು ಮಿರ್ಚಿ ಇಟ್ಟು, ಅವನ ಹಿಂದೆ ಬಾಗಿಲಿನ ಕಡೆ ನೋಡಿದಳು.

"ಒಬ್ಬನ ಬಂದ್ಯಾ? ಆಕಿ?"

ತಪ್ಪು ಶಾಂತಕ್ಕನದಲ್ಲ. ಫೋನಿನಲ್ಲಿ ಅವನು ಆರು ವರ್ಷ "ಡ್ಯಾನಿ ಬಂದ್ರು, ಡ್ಯಾನಿಗೆ ಜ್ವರ ಬಂದಾವ, ಅವರು ಡ್ಯೂಟಿಗೆ ಹೋಗ್ಯಾರ" ಅಂತ ಮರ್ಯಾದೆಯ ಮಾತಿನಲ್ಲೇ ದಾಟಿಸಿದ್ದ. ಡ್ಯಾನಿ ಅಂದರೆ ಬಿಳಿ ಹುಡುಗಿ ಅಂತ ಮನೆಯವರು ತಾವೇ ತೀರ್ಮಾನ ಮಾಡಿಕೊಂಡರು. ಮೊದಲು ಅವ್ವ ಅತ್ತಳು. ಆಮೇಲೆ ದನದ ಮಾಂಸ ತಿಂತಾಳೇನು ಅಂತ ಕೇಳಿದಳು. ಆಮೇಲೆ, ಅಂದರೆ ಹೋದ ದೀಪಾವಳಿಗೆ, ಗಂಗಾವತಿಗೆ ಹೋಗಿ ಹಸಿರು ಇಳಕಲ್ ಸೀರೆ ತಂದಿಟ್ಟಳು. ಅದರ ಫೋಟೋ ವಾಟ್ಸಾಪಿನಲ್ಲಿ ಬಂದ ರಾತ್ರಿಯೇ ಡ್ಯಾನಿಯಲ್ ಅಂದದ್ದು: ಟಿಕೆಟ್ ತೆಗಿ, ಇನ್ನು ಸಾಕು.

ಮಧ್ಯಾಹ್ನ ಅಪ್ಪ ಅವನನ್ನು ಕಾಲುವೆಯ ಕಡೆಗೆ ಕರೆದುಕೊಂಡು ಹೊರಟ. ಎಡದಂಡೆ ಕಾಲುವೆಯ ಮೇಲೆ ಮೂವತ್ತು ವರ್ಷ ಗ್ಯಾಂಗ್‌ಮನ್ ಆಗಿದ್ದವನು. ನಿವೃತ್ತನಾದರೂ ನೀರು ಬಿಟ್ಟ ದಿನ ಮನೆಯಲ್ಲಿ ನಿಲ್ಲುವವನಲ್ಲ. ಮಗ ಏಳು ವರ್ಷದಲ್ಲಿ ಏನೇನು ಮಾಡಿದ ಅಂತ ಅಪ್ಪ ಕೇಳಲಿಲ್ಲ. 19ನೇ ಗೇಟಿನ ಕತೆ ಹೇಳಿದ. 2024ರ ಆಗಸ್ಟಿನಲ್ಲಿ, ಡ್ಯಾಮು ತುಂಬಿ ನಿಂತ ಹೊತ್ತಿನಲ್ಲಿ, ರಾತ್ರಿ ಚೈನು ಕಿತ್ತು ಗೇಟು ಕೊಚ್ಚಿಕೊಂಡು ಹೋದದ್ದು.

"ಮೂವತ್ಮೂರು ಗೇಟಿನ್ಯಾಗ ಒಂದ ಒಂದು ಹೋಗಿದ್ದು. ಆದ್ರ ಉಳಿದುವನ್ನ ಮುಚ್ಚಿ ಕುಂತ್ರ ಎಲ್ಲಾ ಭಾರ ಅದ ಜಾಗಕ್ಕ ಬೀಳತೈತಿ. ಅದಕ್ಕ ಉಳಿದ ಗೇಟನೂ ಎತ್ತಿದ್ರು. ಕಣ್ಣ ಮುಂದ ನೀರು ಹರದು ಹೋತು. ರೈತರು ಅತ್ರು."

"ಆಮ್ಯಾಲ?"

"ಆಮ್ಯಾಲ ಸ್ಟಾಪ್‌ಲಾಗ್ ಅಂತ ಕಬ್ಬಿಣದ ಹಲಗಿ ತಂದು ಇಳಿಸಿದ್ರು. ಹರಿಯೋ ನೀರಿನ್ಯಾಗ. ಆ ಕಣ್ಣಯ್ಯ ನಾಯ್ಡು ಅಂತ ಮುದುಕ, ಏನ್ ಎದಿಗಾರ! ನೀರು ಅರ್ಧಕ್ಕಿಂತ ಹೆಚ್ಚು ಉಳೀತು ನೋಡು."

ಮಂಜುನಾಥ ಬಾಯಿ ತೆರೆದ. ಅಷ್ಟರಲ್ಲಿ ಅಪ್ಪ ಕಾಲುವೆಯ ಪಕ್ಕದ ಹೊಲದವನನ್ನು ಬೈಯಲು ಶುರು ಮಾಡಿದ, ಪೈಪು ಹಾಕಿ ನೀರು ಕದಿಯುತ್ತಾನಂತ. ಅಲ್ಲಿಂದ ಮಾತು ಪೈಪಿಗೆ, ಪೈಪಿನಿಂದ ಎಂಎಲ್‌ಎಗೆ ಹೋಯಿತು. ಅಪ್ಪನಿಗೆ ಹೇಳುವ ಸಮಯ ಅಂತ ಒಂದಿದ್ದರೆ ಅದು ಅವತ್ತು ಬರಲಿಲ್ಲ.

ರಾತ್ರಿ ಓಣಿಯ ಹೆಂಗಸರು ಹೋದ ಮೇಲೆ ಉಳಿದ ಹಿಟ್ಟಿಗೆ ಅವ್ವ ಎಸರಿಟ್ಟಳು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಹೊಯ್ದು, ತುಸು ಆರಲು ಬಿಟ್ಟು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಳು. ಬಡಿಯುವಾಗ ಬಲಗೈ ತಟ್ಟುತ್ತಿದ್ದರೆ ಎಡಗೈಯ ಬೆರಳು ಅಂಚನ್ನು ತಿರುಗಿಸುತ್ತಿತ್ತು, ರೊಟ್ಟಿ ತಾನೇ ಸುತ್ತುತ್ತ ಅಗಲವಾಗುತ್ತಿತ್ತು. ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿದಳು. ಮಂಜುನಾಥ ಒಲೆಯ ಮುಂದೆ ಕೂತು ಹತ್ತಿಕಟ್ಟಿಗೆ ಮುರಿದು ಹಾಕುತ್ತಿದ್ದ.

"ಅವ್ವಾ, ಡ್ಯಾನಿ ಹೊಸಪೇಟಿಗೆ ಬಂದು ಇಳದಾನ."

ಅವ್ವನ ಕೈ ತಟ್ಟುತ್ತಲೇ ಇತ್ತು. ಎರಡು ಸುತ್ತು ತಟ್ಟಿತು. ಮೂರನೆಯದಕ್ಕೆ ನಿಂತಿತು.

"ಏನಂದಿ?"

"ಇಳದಾನ ಅಂದೆ. ಅಂವ ಡ್ಯಾನಿಯಲ್. ನನ್ನ ಕೂಡ ಅಂವನ ಇರೋದು ಅವ್ವಾ. ನಮ್ಮ ಮದುವಿ ಆಗೇತಿ."

ಹಂಚಿನ ಮೇಲಿನ ರೊಟ್ಟಿ ಹೊತ್ತ ವಾಸನೆ ಬಂತು. ಅವ್ವ ಏಳಲಿಲ್ಲ. ಅವನೇ ಬರಿಗೈಯಿಂದ ಎತ್ತಿ ಕೆಳಗೆ ಹಾಕಿ ಬೆರಳು ಊದಿಕೊಂಡ.

"ಯಾವಾಗಿಂದ?" ಅಂದಳು ಅವ್ವ.

"ಸಣ್ಣಾಂವ ಇದ್ದಾಗಿಂದನ."

"ನಿಂದಲ್ಲ ಕೇಳಿದ್ದು. ಅವನ ಕೂಡ ಯಾವಾಗಿಂದ?"

ಏಳು ವರ್ಷದಿಂದ, ಇಂಗ್ಲಿಷಿನಲ್ಲಿ ಕನ್ನಡದಲ್ಲಿ, ನೈಟ್ ಡ್ಯೂಟಿಯ ವಾರ್ಡುಗಳಲ್ಲಿ ನಡೆದಾಡುತ್ತ ಕಟ್ಟಿಟ್ಟುಕೊಂಡಿದ್ದ ಮಾತುಗಳ ಗಂಟನ್ನು ಬಿಚ್ಚುವ ಕೆಲಸವೇ ಬೀಳಲಿಲ್ಲ. "ಆರು ವರ್ಷ" ಅಂದ.

ಅವ್ವ ಹೊಸ ಉಂಡೆ ಮಾಡಿದಳು. ಮತ್ತೆ ಕೆಡಿಸಿದಳು. "ಹುಲಿಗೆಮ್ಮನ ಕಾಟ ಏನೋ ಇದು? ಆಕಿಗೆ ಹರಕಿ ಹೊತ್ತು ತೀರಿಸಿದ್ನಲ್ಲೋ."

"ಕಾಟ ಅಲ್ಲವ್ವಾ. ಜೋಗಪ್ಪಗೋಳದು ಬ್ಯಾರೆ, ನಂದು ಬ್ಯಾರೆ. ನಾ ಗಂಡಸ, ಅಂವನೂ ಗಂಡಸ. ಅಷ್ಟ."

"ಅಷ್ಟ ಅಂತ!" ಅವ್ವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಅವನಿಗೆ ಉಸಿರು ಬಂದಂತಾಯಿತು; ಅಳುವಿಗಿಂತ ಅವ್ವನ ಸಿಟ್ಟನ್ನು ಅವನು ಚೆನ್ನಾಗಿ ಬಲ್ಲ. ಬೈದಳು. ಆ ದೇಶವನ್ನು ಬೈದಳು, ನರ್ಸಿಂಗ್ ಓದಿಸಿದ ಅಪ್ಪನನ್ನು ಬೈದಳು, ಬಳ್ಳಾರಿಯ ಹಾಸ್ಟೆಲಿನ ನೀರನ್ನೂ ಬೈದಳು. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು:

"ಅವನ ಅವ್ವಗ ಗೊತ್ತೈತೇನು?"

"ಗೊತ್ತೈತಿ."

"ಏನಂದ್ಲು?"

"ಒಂದು ವರ್ಷ ಮಾತಾಡಲಿಲ್ಲ. ದಿನಾ ಚರ್ಚಿಗೆ ಹೋಗೋ ಹೆಣಮಗಳು. ಈಗ ಆದಿತ್ಯವಾರ ಊಟಕ್ಕ ಕರೀತಾಳ."

"ಒಂದು ವರ್ಷ," ಅಂದಳು ಅವ್ವ. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. "ನನ್ನ ಹತ್ರ ಅಷ್ಟ್ ವ್ಯಾಳ್ಯಾ ಎಲ್ಲೈತೋ, ನಿನ್ನ ರಜಾ ಎಷ್ಟು?"

"ಮೂರು ವಾರ."

"ಏನ್ ಕೆಲಸ ಮಾಡ್ತಾನ?"

"ಬಸ್ ಓಡಸ್ತಾನ."

"ಗೌರ್ಮೆಂಟ್ ಬಸ್ಸೋ, ಪ್ರೈವೇಟೋ?"

"ಗೌರ್ಮೆಂಟ್."

ಅವ್ವ ಇನ್ನೇನೂ ಕೇಳಲಿಲ್ಲ. ಹಿಟ್ಟು ಮುಗಿಯುವ ತನಕ ಬಡಿದಳು. ಹೊತ್ತಿದ ರೊಟ್ಟಿಯನ್ನು ಬೇರೆ ಇಟ್ಟಳು, ಮಠಕ್ಕೆ ಅಂಥದ್ದು ಹೋಗಬಾರದು. ಏಳುವಾಗ ಅಂದಳು: "ಜಾತ್ರಿ ಮುಗಿಯೂತನಕಾ ನಿಮ್ಮಪ್ಪಗ ಹೇಳಬ್ಯಾಡ. ಹೇಳೋದು ನೀನ ಹೇಳಬೇಕು, ನಾ ಹೇಳಂಗಿಲ್ಲ. ಅಂವ ಈ ಮನಿಗೆ ಬರೂದು ಬ್ಯಾಡ."

ರಾತ್ರಿಯಿಡೀ ಮಂಜುನಾಥ ಮಾಳಿಗೆಯ ಮೇಲೆ ಮಲಗಿ ಗುಡಿಯ ಚೌಡಿಕೆ ಕೇಳಿದ. ಡ್ಯಾನಿಯಲ್‌ಗೆ ಹೀಗೆ ಬರೆದ: "ಹೇಳಿದೆ. ಬರಬೇಡ." ಆ ಕಡೆಯಿಂದ ಬರೀ "ಸರಿ" ಅಂತ ಬಂತು.

ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಅವ್ವ ತಲೆ ಬಾಚಿ, ಹೊಸ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ.

"ಎಲ್ಲಿಗೆ ಹೊಂಟಿ?" ಅಂದ ಅಪ್ಪ.

"ಹೊಸಪೇಟಿಗೆ. ಇವನ ಕೂಡ ಇರಾಂವ ಬಂದಾನಂತ. ಪರದೇಶಿ ಹುಡುಗ, ಲಾಡ್ಜಿನ್ಯಾಗ ಏನ್ ತಿಂತಾನೋ."

"ಮನಿಗೆ ಕರಕೊಂಡು ಬರ್ರಿ ಅತ್ತಾಗ" ಅಂದ ಅಪ್ಪ, ಪೇಪರಿನಿಂದ ಕಣ್ಣೆತ್ತದೆ. ಅವ್ವ ಉತ್ತರ ಕೊಡಲಿಲ್ಲ. ಶಾಂತಕ್ಕ ಮಾತ್ರ ತಮ್ಮನ ಮುಖವನ್ನೇ ನೋಡುತ್ತ ನಿಂತಳು. ಅವಳ ತೋಳಿನ ಮೇಲೆ ಹಸಿರು ಇಳಕಲ್ ಸೀರೆ ಇತ್ತು, ಬೆಳಗಿನ ಜಾವವೇ ಅವ್ವ ಕೊಟ್ಟಿದ್ದಂತೆ.

ಬಸ್ ಸ್ಟಾಪಿಗೆ ಹೋಗುವಾಗ ಅವ್ವ ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆದಳು. "ಒಪ್ಪೀನಿ ಅಂತ ತಿಳಕೋಬ್ಯಾಡ," ಅಂದಳು ತಿರುಗದೆ. "ನೋಡಾಕ ಹೊಂಟೀನಿ. ನೋಡಬೇಕೋ ಬ್ಯಾಡೋ ನಾನು?"

"ನೋಡಬೇಕವ್ವಾ."

ಜಾತ್ರೆಯ ರಶ್ಶಿನಲ್ಲೂ ಅವ್ವನಿಗೆ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರ್ ಬಂದಾಗ ಆಧಾರ್ ಕಾರ್ಡು ಮುಂದೆ ಹಿಡಿದಳು, ಪುಕ್ಕಟೆ ಟಿಕೆಟ್ ಪಡೆದಳು. ಮಗನ ಟಿಕೆಟ್ಟಿಗೆ ತಾನೇ ಎಲೆಯಡಿಕೆಯ ಚೀಲದಿಂದ ರೊಕ್ಕ ಎಣಿಸಿ ಕೊಟ್ಟಳು. ಬಸ್ಸು ಸೇತುವೆಗೆ ಬಂದಾಗ ಡ್ರೈವರ್‌ನ ಕೈಯನ್ನೇ ಬಹಳ ಹೊತ್ತು ನೋಡಿದಳು.

"ಇಷ್ಟು ದೊಡ್ಡ ಬಸ್ಸೇನು ಅವಂದು?"

"ಇದಕ್ಕಿಂತ ದೊಡ್ಡದು. ಎರಡಂತಸ್ತಿಂದು."

"ಖಾರ ತಿಂತಾನ?"

"ಈಗ ತಿಂತಾನ."

"ಇನ್ನೊಮ್ಮೆ ಹೆಸರು ಹೇಳು."

"ಡ್ಯಾನಿಯಲ್."

ಅವ್ವ ಎರಡು ಸಲ ಬಾಯಲ್ಲೇ ತಿರುವಿದಳು. "ನನಗ ಬರಂಗಿಲ್ಲೋ ಅದು. ದಾನಪ್ಪ ಅಂತೀನಿ. ಓ ಅಂದ್ರ ಅಂದ, ಇಲ್ಲಾಂದ್ರ ಬಿಟ್ಟ."