ವಿಷಯ: ಬಿಲ್ ಸಂಖ್ಯೆ 47 ತಿರಸ್ಕೃತ – ಪರ್ಚೇಸ್ ಆರ್ಡರ್ ಸಂಖ್ಯೆ ಬೇಕಾಗಿದೆ

ಮಾನ್ಯರೇ,

ನಿಮ್ಮ ಕ್ಯಾಂಟೀನಿಗೆ ಜೂನ್ 9ರಂದು ಕಳುಹಿಸಿದ 6,000 ಹಾಳೆತಟ್ಟೆಗಳ ಬಿಲ್ಲನ್ನು (27,000 ರೂಪಾಯಿ) ಪೋರ್ಟಲ್ ನಿನ್ನೆ ತಿರಸ್ಕರಿಸಿದೆ. ಪರ್ಚೇಸ್ ಆರ್ಡರ್ ಸಂಖ್ಯೆ ಇಲ್ಲವೆಂಬುದು ಕಾರಣ. ಆ ಸಂಖ್ಯೆ ನಮಗೆ ಬಂದೇ ಇಲ್ಲ. ತುರ್ತಾಗಿ ಬೇಕೆಂದು ನಿಮ್ಮ ಸ್ಟೋರ್ಸ್‌ನವರು ಫೋನಿನಲ್ಲೇ ಆರ್ಡರ್ ಕೊಟ್ಟಿದ್ದರು. ಕೇಳದೆ ಕಳುಹಿಸಿದ್ದು ನಮ್ಮ ತಪ್ಪೂ ಹೌದು. ಸರಕು ತಲಪಾಡಿ ದಾಟಿ ಅದೇ ದಿನ ತಲುಪಿದೆ. ನಿಮ್ಮವರ ಸಹಿ, ಮೊಹರು ಇರುವ ಡೆಲಿವರಿ ಚಲನ್ ಲಗತ್ತಿಸಿದ್ದೇನೆ.

ದಯವಿಟ್ಟು ಶುಕ್ರವಾರದೊಳಗೆ ಸಂಖ್ಯೆ ಕೊಡಿಸಿ. ಅದನ್ನು ಸೇರಿಸಿ ಅಂದೇ ಮತ್ತೆ ಅಪ್‌ಲೋಡ್ ಮಾಡುತ್ತೇನೆ. ಬಿಲ್ ಸಂಖ್ಯೆ, ದಿನಾಂಕ ಮಾತ್ರ ಬದಲಿಸಲಾರೆ. ಜಿಎಸ್‌ಟಿ ರಿಟರ್ನ್‌ನಲ್ಲಿ ಅದು ಆಗಲೇ ಹೋಗಿದೆ. ನಮ್ಮದು ಉದ್ಯಮ್ ನೋಂದಣಿಯ ಕಿರು ಘಟಕವಾದ್ದರಿಂದ 45 ದಿನಗಳ ಪಾವತಿ ಗಡುವನ್ನು ಸರಕು ಸ್ವೀಕರಿಸಿದ ದಿನದಿಂದಲೇ ಎಣಿಸಬೇಕೆಂದು ಕೋರುತ್ತೇನೆ.

ಇತಿ,
ಮಾಲೀಕ, ಹಾಳೆತಟ್ಟೆ ಘಟಕ
ಬದಿಯಡ್ಕ, ಕಾಸರಗೋಡು