ಹೊರಡುತ್ತಿರುವ ಅಕ್ಕನಿಗೆ

ಪ್ರೀತಿಯ ಅಕ್ಕ,

ನಾಳೆಯಿಂದ ನೀವು ಮಂಡ್ಯದಲ್ಲಿ ಅಮ್ಮನ ಜೊತೆಯೇ ಇರುತ್ತೀರಿ ಎಂದು ತಿಳಿಯಿತು. ಬೇರೇನನ್ನೂ ನಾವು ಕೇಳುವುದಿಲ್ಲ. ಹೇಳಿಕೊಳ್ಳಬೇಕು ಅನ್ನಿಸಿದ ದಿನ ಫೋನ್ ಮಾಡಿ, ಅನ್ನಿಸದಿದ್ದರೂ ಬೇಸರವಿಲ್ಲ. ನಮ್ಮ ಸಂದೇಶಗಳಿಗೆ ಉತ್ತರಿಸಲೇಬೇಕೆಂಬ ಭಾರವೂ ಬೇಡ.

ಲೆಕ್ಕದ ಪುಸ್ತಕದ ಅಂಚಿನಲ್ಲಿ ನೀವು ಪೆನ್ಸಿಲ್‌ನಿಂದ ಬರೆದಿಟ್ಟ ‘ಈ ಬಿಲ್ಲನ್ನು ಇನ್ನೊಮ್ಮೆ ನೋಡಿ’ ಎಂಬಂಥ ಪುಟ್ಟ ಟಿಪ್ಪಣಿಗಳಿವೆಯಲ್ಲ, ಹೊಸದಾಗಿ ಸೇರಿದವರಿಗೆಲ್ಲ ಕೆಲಸ ಕಲಿಸಿದ್ದು ಅವೇ. ತಪ್ಪು ಕಂಡರೆ ಎಲ್ಲರೆದುರು ಎತ್ತಿ ಆಡದೆ, ಪಕ್ಕಕ್ಕೆ ಕರೆದು ತಿದ್ದುತ್ತಿದ್ದಿರಿ. ಆ ಋಣ ನಮ್ಮ ಮೇಲಿದೆ.

ಮಾರ್ಚ್ ಲೆಕ್ಕ ನಾವು ಮುಗಿಸುತ್ತೇವೆ. ನಿಮ್ಮ ಪಿಎಫ್ ಕಾಗದಪತ್ರಗಳ ಓಡಾಟವೂ ನಮಗಿರಲಿ. ಆಸ್ಪತ್ರೆಗೆಂದು ಮೈಸೂರಿಗೆ ಬರಬೇಕಾದರೆ ಹೊತ್ತುಗೊತ್ತು ನೋಡದೆ ಕರೆಯಿರಿ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಉಳಿಯಲು ಕೋಣೆಯಿದೆ. ನೀವಿರುವಲ್ಲಿಗೇ ಬಿಸಿ ಅನ್ನ, ಸಾರು ತಲುಪಿಸುವುದು ನಮಗೆ ಕಷ್ಟವಲ್ಲ. ದಯವಿಟ್ಟು ಸಂಕೋಚಪಡಬೇಡಿ.

ಅಮ್ಮನ ಆರೈಕೆಯ ನಡುವೆ ನಿಮ್ಮ ಊಟ, ನಿದ್ದೆ ತಪ್ಪಿಸಿಕೊಳ್ಳಬೇಡಿ, ಅಕ್ಕ. ಮುಂದೆ ಯಾವಾಗಲಾದರೂ ಕೆಲಸಕ್ಕೆ ಮರಳುವ ಮನಸ್ಸಾದರೆ ಮೊದಲು ನಮಗೆ ತಿಳಿಸಿ. ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ.

ಲೆಕ್ಕಪತ್ರ ವಿಭಾಗದ ಎಲ್ಲರ ಪರವಾಗಿ,
ನಿಮ್ಮ ಪಕ್ಕದ ಮೇಜಿನ ತಂಗಿ