ಮಾರ್ಚ್ ತಿಂಗಳ ಪ್ರದರ್ಶನ: ‘ಘಟಶ್ರಾದ್ಧ’, ಹೊಸ ಪ್ರತಿಯಲ್ಲಿ

ಚಿತ್ರ ಸಮಾಜ, ಶಿವಮೊಗ್ಗ
3 ಮಾರ್ಚ್ 2026

ಪ್ರಿಯ ಸದಸ್ಯರೇ,

ನಮಸ್ಕಾರ.

ಮೊದಲು ಕೆಲಸದ ಮಾತು. ಈ ತಿಂಗಳ ಸಿನಿಮಾ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’. ಮಾರ್ಚ್ 15, ಭಾನುವಾರ ಸಂಜೆ 5.30ಕ್ಕೆ, ನಮ್ಮ ಎಂದಿನ ಕಾಲೇಜು ಸಭಾಂಗಣದಲ್ಲಿ. 1977ರ ಚಿತ್ರ, ಕಪ್ಪು ಬಿಳುಪು, ಸುಮಾರು ಎರಡು ಗಂಟೆ. ತೋರಿಸುತ್ತಿರುವುದು 2024ರಲ್ಲಿ ಸಿದ್ಧವಾದ 4ಕೆ ಪ್ರತಿ. ಅದಾಗಿ ನಾಲ್ಕೇ ದಿನಕ್ಕೆ ಯುಗಾದಿ ಅನ್ನುವುದು ಗೊತ್ತು. ಮನೆ ಗುಡಿಸಿ ತೊಳೆಯುವುದನ್ನು ಶನಿವಾರವೇ ಮುಗಿಸಿಕೊಂಡು ಬನ್ನಿ.

ಈ ಕಾಗದ ಬರೆಯಲು ಕೂತ ಮೇಲೆ ನೆನಪಾಯಿತು, ಇವತ್ತು ಮಾರ್ಚ್ 3. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಿಡುಗಡೆಯಾದದ್ದು 1934ರ ಇದೇ ದಿನ. ಅದರ ಒಂದೇ ಒಂದು ಪ್ರತಿಯೂ ಈಗ ಉಳಿದಿಲ್ಲ. ಕೆಲವು ಫೋಟೋ ಇವೆ, ಹಳಬರು ಹೇಳಿದ ಮಾತುಗಳಿವೆ, ಅಷ್ಟೆ. ಸುಬ್ಬಯ್ಯ ನಾಯ್ಡು ಅವರು ತೆರೆಯ ಮೇಲೆ ಹೇಗೆ ಮಾತಾಡಿದರು ಅನ್ನುವುದನ್ನು ನಾವ್ಯಾರೂ ಇನ್ನು ಕೇಳುವಂತಿಲ್ಲ. ಹೀಗಾಗಿ ಕನ್ನಡದ ಒಂದು ಚಿತ್ರ ಹೋದ ದಾರಿಯಿಂದ ವಾಪಸ್ ಬಂದಾಗ ನನಗೆ ಸ್ವಲ್ಪ ಜಾಸ್ತಿಯೇ ಖುಷಿಯಾಗುತ್ತದೆ. ಕಾಗದ ಉದ್ದವಾದರೆ ಸಹಿಸಿಕೊಳ್ಳಿ.

‘ಘಟಶ್ರಾದ್ಧ’ ಅಂದ ಕೂಡಲೇ ಸಮಿತಿಯಲ್ಲೇ ಒಬ್ಬರು ಕೇಳಿದರು: “ನೋಡಿದ್ದೇವಲ್ಲ ಮಾರಾಯ್ರೆ, ಮತ್ತೆ ಯಾಕೆ?” ನಿಮ್ಮಲ್ಲೂ ಅರ್ಧ ಜನ ಹೀಗೇ ಅಂದುಕೊಳ್ಳುತ್ತೀರಿ. ನಾನೂ ನೋಡಿದ್ದೆ. ಕಾಲೇಜಿನಲ್ಲಿದ್ದಾಗ, ಒಂದು ಹೈಸ್ಕೂಲಿನ ಹಾಲಿನಲ್ಲಿ, ಕಿಟಕಿಗೆಲ್ಲ ಗೋಣಿಚೀಲ ಕಟ್ಟಿ ತೋರಿಸಿದ ಹದಿನಾರು ಎಂಎಂ ಪ್ರತಿಯಲ್ಲಿ. ಡಬ್ಬಗಳು ಬಸ್ಸಿನ ಟಾಪಿನ ಮೇಲೆ ಬಂದಿದ್ದವು. ಪ್ರೊಜೆಕ್ಟರ್ ನಮ್ಮ ಬೆನ್ನ ಹಿಂದೆಯೇ ಹೊಲಿಗೆ ಮಿಷನ್ನಿನ ಹಾಗೆ ಕಟಕಟ ಅನ್ನುತ್ತಿತ್ತು. ತೆರೆಯ ತುಂಬ ಗೀರುಗಳು, ಅಂದರೆ ನಾವು ಆಗ ಹೇಳುತ್ತಿದ್ದ ‘ಮಳೆ’. ಎರಡು ಸಲ ರೀಲು ತುಂಡಾಯಿತು. ಆಪರೇಟರ್ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಟೇಪು ಅಂಟಿಸಿದರು. ಕತ್ತಲಿನ ದೃಶ್ಯಗಳಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು, ಯಾರು ಅನ್ನುವುದು ಗೊತ್ತಾಗುತ್ತಿರಲಿಲ್ಲ. ಆಮೇಲೆ ಟಿವಿಯಲ್ಲಿ ನೋಡಿದೆ, ಇತ್ತೀಚೆಗೆ ಫೋನಿನಲ್ಲಿ. ಅವುಗಳಲ್ಲೂ ಕತ್ತಲು ಅಂದರೆ ಬರೀ ಮಸಿ.

ಮೊನ್ನೆ ಗುರುವಾರ ಹೊಸ ಪ್ರತಿಯನ್ನು ಪರೀಕ್ಷೆ ಮಾಡಲು ನಾನೂ ಖಜಾಂಚಿಯವರೂ ಖಾಲಿ ಹಾಲಿನಲ್ಲಿ ಕೂತೆವು. ಧ್ವನಿ ಸರಿ ಇದೆಯಾ ಎಂದು ಹತ್ತು ನಿಮಿಷ ನೋಡಿ ಏಳುವುದು ಅಂದುಕೊಂಡಿದ್ದೆವು. ಮುಕ್ಕಾಲು ಗಂಟೆ ಏಳಲಿಲ್ಲ. ನಮ್ಮ ಮಲೆನಾಡಿನ ಹಳೆ ಮನೆಗಳಲ್ಲಿ ಹಗಲು ಹೊತ್ತೂ ಒಳಗೆ ಒಂದು ಥರದ ಅರೆಗತ್ತಲು ಇರುತ್ತದೆ ನೋಡಿ. ಅಂಗಳದಲ್ಲಿ ಬಿಸಿಲು, ಜಗಲಿಯಲ್ಲಿ ಮಬ್ಬು, ಒಳಮನೆಯಲ್ಲಿ ಕಣ್ಣು ಹೊಂದಿಕೊಳ್ಳುವ ತನಕ ಏನೂ ಕಾಣುವುದಿಲ್ಲ. ಛಾಯಾಗ್ರಾಹಕ ಎಸ್. ರಾಮಚಂದ್ರ ಅವರು ಹಿಡಿದದ್ದು ಅದನ್ನೇ. ಅವರ ಕತ್ತಲಿನಲ್ಲೂ ಮೂರ್ನಾಲ್ಕು ಬಗೆ ಇದೆ. ನಲವತ್ತು ವರ್ಷ ನಾನು ಅದನ್ನು ಕೆಟ್ಟ ಪ್ರಿಂಟಿನ ದೋಷ ಅಂದುಕೊಂಡಿದ್ದೆ.

ಕೆಲಸ ಹೇಗೆ ನಡೆಯಿತು ಅನ್ನುವುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮಾಡಿಸಿದವು. ಲ್ಯಾಬಿನ ಕೆಲಸ ಇಟಲಿಯ ಬೊಲೋನ್ಯಾದಲ್ಲಿ. ಹಳೆ ಫಿಲ್ಮು ಸುರುಟಿಕೊಂಡಿರುತ್ತದೆ, ಅಂಚಿನ ತೂತುಗಳು ಹರಿದಿರುತ್ತವೆ. ಹಾಳಾಗುತ್ತಿರುವ ಡಬ್ಬ ತೆಗೆದರೆ ವಿನೆಗರ್ ಥರ ಹುಳಿ ವಾಸನೆ ಹೊಡೆಯುತ್ತದೆ. ಮೊದಲು ಅದನ್ನೆಲ್ಲ ಕೈಯಲ್ಲೇ ರಿಪೇರಿ ಮಾಡಬೇಕು, ತೊಳೆಯಬೇಕು. ಆಮೇಲೆ ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡಬೇಕು. ಸೆಕೆಂಡಿಗೆ 24 ಚೌಕಟ್ಟು, ಅಂದರೆ ಎರಡು ಗಂಟೆಯ ಚಿತ್ರಕ್ಕೆ 1,72,800. ಗೀರು, ಧೂಳು, ನಡುಕ ಇವನ್ನು ಕಂಪ್ಯೂಟರಿನಲ್ಲಿ ತೆಗೆಯುತ್ತಾರೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಕಷ್ಟ. ಜಾಸ್ತಿ ಉಜ್ಜಿದರೆ ಮುಖಗಳು ಮೇಣದ ಬೊಂಬೆಯಂತಾಗುತ್ತವೆ. ಈ ಪ್ರತಿಯಲ್ಲಿ ಸಣ್ಣ ಮರಳಿನಂಥ ಕಾಳು ಆಡುತ್ತಿರುವುದು ಕಾಣುತ್ತದೆ. ಅದು ಫಿಲ್ಮಿನ ಹುಟ್ಟುಗುಣ, ಪ್ರೊಜೆಕ್ಟರ್ ಕೆಟ್ಟಿದೆ ಎಂದು ದಯವಿಟ್ಟು ನನ್ನ ಭುಜ ತಟ್ಟಬೇಡಿ. ಹಾಗೇ ಇನ್ನೊಂದು: ನಮ್ಮ ಪ್ರೊಜೆಕ್ಟರ್ 4ಕೆ ಅಲ್ಲ. ಅದಕ್ಕೆ ದುಡ್ಡು ಎಲ್ಲಿಂದ? ಆದರೂ ವ್ಯತ್ಯಾಸ ಹಿಂದಿನ ಸಾಲಿಗೂ ಕಾಣುತ್ತದೆ.

2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಇದೇ ಪ್ರತಿಯನ್ನು ತೋರಿಸಿದರು. ವೆನಿಸ್ಸಿನಿಂದ ಶಿವಮೊಗ್ಗಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು. ಅನುಮತಿ ಪತ್ರಗಳ ಫೈಲು ದಪ್ಪವಾಗಿದೆ, ಆ ಕತೆ ಇನ್ನೊಮ್ಮೆ.

ಚಿತ್ರವನ್ನು ಇದುವರೆಗೆ ನೋಡದವರಿಗೆ: ಯು. ಆರ್. ಅನಂತಮೂರ್ತಿಯವರ ಕತೆ. ಉಡುಪರು ಮನೆಯಲ್ಲಿ ವೇದಪಾಠ ಹೇಳಿಕೊಡುತ್ತಾರೆ. ಅಲ್ಲಿಗೆ ಓದಲು ಬರುವ ಪುಟ್ಟ ಹುಡುಗ ನಾಣಿ. ಉಡುಪರ ಮಗಳು ಯಮುನಾ, ಚಿಕ್ಕ ವಯಸ್ಸಿನ ವಿಧವೆ. ಮನೆಯ ನೆನಪಾಗಿ ಅಳುವ ಹುಡುಗನಿಗೆ ಅಲ್ಲಿ ಇರುವ ಒಂದೇ ಆಸರೆ ಯಮುನಕ್ಕ. ಅವಳು ಬಸಿರಾಗುತ್ತಾಳೆ. ದೊಡ್ಡವರು ಪಿಸುಗುಟ್ಟುವುದು, ಬಾಗಿಲು ಹಾಕಿಕೊಳ್ಳುವುದು ಎಲ್ಲ ನಾಣಿಗೆ ಕಾಣುತ್ತದೆ, ಅರ್ಥ ಮಾತ್ರ ಅರ್ಧಂಬರ್ಧ. ಬದುಕಿರುವವರಿಗೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುವ ಶಾಸ್ತ್ರದ ಹೆಸರೇ ಚಿತ್ರದ ಹೆಸರು. ಮುಂದಿನದನ್ನು ನಾನು ಹೇಳುವುದಿಲ್ಲ.

ಕಾಸರವಳ್ಳಿಯವರ ಮೊದಲ ಕಥಾಚಿತ್ರ ಇದು. ಪುಣೆಯಲ್ಲಿ ಓದಿ ಬಂದಿದ್ದ, ಮೂವತ್ತು ತುಂಬದ ಹುಡುಗ ಆಗ ಅವರು. ಹುಟ್ಟಿದ್ದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ. ಅನಂತಮೂರ್ತಿಯವರದೂ ಅದೇ ತಾಲ್ಲೂಕು. ಆ ಸಲದ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಇದಕ್ಕೇ ಬಂತು. ಸಂಗೀತಕ್ಕೆ ಬಿ. ವಿ. ಕಾರಂತರಿಗೆ, ಬಾಲನಟನೆಗೆ ನಾಣಿಯಾದ ಅಜಿತ್ ಕುಮಾರ್‌ಗೆ ಪ್ರಶಸ್ತಿ. ಯಮುನಾ ಪಾತ್ರದ ಮೀನಾ ಕುಟ್ಟಪ್ಪ ಅವರಿಗೆ ಯಾಕೆ ಬರಲಿಲ್ಲ ಎಂದು ನನಗೆ ಇನ್ನೂ ಸಿಟ್ಟಿದೆ. ಕಾರಂತರ ಸಂಗೀತದ ಬಗ್ಗೆ ಒಂದೇ ಮಾತು: ಅದು ಎಲ್ಲಿ ಸುಮ್ಮನಾಗುತ್ತದೆ ಅನ್ನುವುದನ್ನು ಗಮನಿಸಿ.

ಚಿಕ್ಕ ಮಕ್ಕಳನ್ನು ಕರೆತರಬೇಡಿ. ಗರ್ಭಪಾತದ ಸನ್ನಿವೇಶ ಇದೆ, ದೊಡ್ಡವರಿಗೇ ಕೂತು ನೋಡುವುದು ಕಷ್ಟ. ಕಾಲೇಜಿಗೆ ಹೋಗುವ ಮಕ್ಕಳನ್ನು ಮಾತ್ರ ಎಳೆದುಕೊಂಡೇ ಬನ್ನಿ. ಕನ್ನಡ ತಿಳಿಯದ ಸ್ನೇಹಿತರಿದ್ದರೆ ಅವರಿಗೂ ಹೇಳಿ, ಕೆಳಗೆ ಇಂಗ್ಲಿಷ್ ಸಾಲುಗಳು ಬರುತ್ತವೆ.

ಕಳೆದ ತಿಂಗಳ ವಿಷಯ. ‘ಪಥೇರ್ ಪಾಂಚಾಲಿ’ಗೆ 41 ಜನ ಬಂದಿದ್ದಿರಿ, ಈ ವರ್ಷದ ದಾಖಲೆ. 1993ರಲ್ಲಿ ಲಂಡನ್ನಿನ ಲ್ಯಾಬಿನಲ್ಲಿ ಬೆಂಕಿ ಬಿದ್ದು ಅದರ ನೆಗೆಟಿವ್ ಸುಟ್ಟಿತ್ತು ಎಂದು ಪ್ರದರ್ಶನಕ್ಕೆ ಮುಂಚೆ ಹೇಳಿದ್ದೆನಲ್ಲ, ಬೆಂಕಿ ದಾಟಿ ಬಂದ ಚಿತ್ರವನ್ನು ನಾವು ಕರೆಂಟಿನ ಕೈಗೆ ಕೊಟ್ಟೆವು. ಮಕ್ಕಳು ಬಿಳಿ ಹೂವಿನ ಹುಲ್ಲಿನ ನಡುವೆ ರೈಲಿಗೆ ಕಾಯುತ್ತಿರುವಾಗಲೇ ಕರೆಂಟು ಹೋಗಬೇಕೆ! ಯುಪಿಎಸ್ ಪ್ರೊಜೆಕ್ಟರನ್ನು ಹಿಡಿದುಕೊಂಡಿತು, ಸ್ಪೀಕರನ್ನು ಬಿಟ್ಟುಬಿಟ್ಟಿತು. ಸದ್ದಿಲ್ಲದೆ ರೈಲು ಬಂತು. ಹಿಂದಿನ ಸಾಲಿನಿಂದ ಯಾರೋ ಹಿರಿಯರು ಮೆಲ್ಲಗೆ “ಕೂ…” ಅಂದರು. ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ. ಈ ಸಲ ಸ್ಪೀಕರಿಗೂ ಬ್ಯಾಟರಿ ಇದೆ, ಹಿರಿಯರಿಗೆ ವಿಶ್ರಾಂತಿ.

ಇನ್ನು ವ್ಯವಸ್ಥೆ. ಬಾಗಿಲು 5 ಗಂಟೆಗೆ ತೆಗೆಯುತ್ತೇವೆ. ಕಾಫಿ, ಮಂಡಕ್ಕಿ ಆಗಲೇ. 5.30 ಅಂದರೆ 5.30. ನಡುವೆ ಇಂಟರ್‌ವಲ್ ಇಲ್ಲ. ಇದರ ಬಗ್ಗೆ ಸಮಿತಿಯಲ್ಲಿ ಜಗಳವೇ ಆಯಿತು. ಈ ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿ ಲೈಟು ಹಾಕಿದರೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ ಎಂದು ನಾನು ಹಟ ಹಿಡಿದೆ. ಮಧ್ಯೆ ಏಳಬೇಕಾದವರು ಬಾಗಿಲ ಪಕ್ಕದ ಸಾಲಿನಲ್ಲಿ ಕೂರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುಗಿದ ಮೇಲೆ ಅರ್ಧ ಗಂಟೆ ಮಾತುಕತೆ. ಹೊಸದಾಗಿ ಬಂದವರು ಮೊದಲು ಮಾತಾಡಲಿ, ನಾವು ಹಳಬರು ಸ್ವಲ್ಪ ಬಾಯಿಗೆ ಬೀಗ ಹಾಕಿಕೊಳ್ಳೋಣ, ಅಲ್ವಾ? ತೀರ್ಥಹಳ್ಳಿ, ಭದ್ರಾವತಿ ಕಡೆ ವಾಪಸ್ ಹೋಗುವವರು ಮೊದಲೇ ಹೇಳಿದರೆ ಕಾರಿನಲ್ಲಿ ಜಾಗ ಇರುವ ಸದಸ್ಯರ ಜತೆ ಸೇರಿಸುತ್ತೇನೆ.

ಸದಸ್ಯರಿಗೆ ಪ್ರವೇಶ ಉಚಿತ. ಕಾರ್ಡ್ ತನ್ನಿ. ಜೊತೆಗೆ ಬರುವ ಅತಿಥಿಗೆ 50 ರೂಪಾಯಿ, ಗುರುತಿನ ಚೀಟಿ ತಂದ ವಿದ್ಯಾರ್ಥಿಗಳಿಗೆ ಏನೂ ಇಲ್ಲ. ವರ್ಷದ ಚಂದಾ ಈ ತಿಂಗಳ 31ಕ್ಕೆ ಮುಗಿಯುತ್ತದೆ. ಮುಂದಿನ ವರ್ಷಕ್ಕೂ 600 ರೂಪಾಯಿಯೇ, ಏರಿಸಿಲ್ಲ. ಖಜಾಂಚಿಯವರು ಬಾಗಿಲಲ್ಲೇ ರಸೀತಿ ಪುಸ್ತಕ ಇಟ್ಟುಕೊಂಡು ಕೂತಿರುತ್ತಾರೆ. ಅವರನ್ನು ತಪ್ಪಿಸಿಕೊಂಡು ಒಳಗೆ ಹೋದವರು ಇದುವರೆಗೆ ಯಾರೂ ಇಲ್ಲ.

ಏಪ್ರಿಲ್ 19ಕ್ಕೆ ಶ್ಯಾಮ್ ಬೆನೆಗಲ್ ಅವರ ‘ಮಂಥನ್’. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಚಿತ್ರ, ಗಿರೀಶ್ ಕಾರ್ನಾಡ್ ಮತ್ತು ಸ್ಮಿತಾ ಪಾಟೀಲ್ ಇದ್ದಾರೆ. ಅದರ ಕಾಗದ ಬೇರೆ ಬರುತ್ತದೆ.

15ಕ್ಕೆ ಸಿಗೋಣ.

ನಿಮ್ಮ,
ಕಾರ್ಯದರ್ಶಿ
ಚಿತ್ರ ಸಮಾಜ, ಶಿವಮೊಗ್ಗ

ವಿ.ಸೂ.: ಹಿಂದೆ ಟೂರಿಂಗ್ ಟಾಕೀಸ್ ನಡೆಸುತ್ತಿದ್ದ ಮನೆಯವರು ನಮ್ಮಲ್ಲಿ ಇಬ್ಬರಿದ್ದಾರೆ. ನಿಮ್ಮ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ತಗಡಿನ ಫಿಲ್ಮ್ ಡಬ್ಬಗಳಿದ್ದರೆ ಗುಜರಿಗೆ ಹಾಕಬೇಡಿ, ಬಿಸಿಲಲ್ಲಿ ಬಿಚ್ಚಿ ನೋಡಬೇಡಿ, ದೀಪದ ಹತ್ತಿರವಂತೂ ಬೇಡವೇ ಬೇಡ, ತೀರಾ ಹಳೆಯ ಫಿಲ್ಮು ಭಗ್ಗನೆ ಹತ್ತಿಕೊಳ್ಳುತ್ತದೆ. ಇದ್ದ ಹಾಗೇ ಇಟ್ಟು ನನಗೊಂದು ಮಾತು ಹೇಳಿ. ನಾನೇ ಬರುತ್ತೇನೆ.